ಬಡ್ಡಿಗೆ ಸಾಕು, ಕಂತಿಗೆ ಸಾಲದು: ಹೋಟೆಲ್ ಸಾಲದ ಲೆಕ್ಕ ನಾನು ನೋಡುವ ರೀತಿ

ಹೋಟೆಲಿನ ಸಾಲದ ಅರ್ಜಿಯಲ್ಲಿ ಇಂಟರೆಸ್ಟ್ ಕವರೇಜ್ 2 ದಾಟಿದ್ದರೆ ಮಾಲೀಕರು ನಿಶ್ಚಿಂತೆಯಿಂದಿರುತ್ತಾರೆ. ನಾನು ಅಷ್ಟಕ್ಕೇ ನಿಲ್ಲುವುದಿಲ್ಲ. ಆ ಅನುಪಾತ ಕೇಳುವುದು ಬಡ್ಡಿ ಕಟ್ಟಲು ಆಗುತ್ತದೆಯೇ ಎಂದಷ್ಟೇ. ಅಸಲಿನ ಕಂತನ್ನೂ ಸೇರಿಸಿ ಕೇಳುವುದು ಡಿಎಸ್‌ಸಿಆರ್, ಅಂದರೆ ಡೆಟ್ ಸರ್ವಿಸ್ ಕವರೇಜ್ ರೇಶಿಯೊ. ಹೋಟೆಲ್ ಸಾಲದ ದೊಡ್ಡ ಪಾಲು ಕಟ್ಟಡ ಮತ್ತು ಒಳಾಂಗಣಕ್ಕೆ ಹೋಗುವುದರಿಂದ ಅಸಲು ಬಡ್ಡಿಗಿಂತ ಭಾರವಾಗಿಬಿಡುತ್ತದೆ.

ಮೈಸೂರಿನ 40 ಕೋಣೆಯ ಒಂದು ಹೋಟೆಲ್ ಎಂದುಕೊಳ್ಳಿ, ಪಾಲುದಾರಿಕೆ ಸಂಸ್ಥೆಯದು. ವರ್ಷವಿಡೀ ಸರಾಸರಿ 60% ಕೋಣೆ ತುಂಬುತ್ತವೆ, ಜಿಎಸ್‌ಟಿ ಬಿಟ್ಟು ಸರಾಸರಿ ಬಾಡಿಗೆ 2,500 ರೂಪಾಯಿ. ಅದು 2.19 ಕೋಟಿ. ಊಟ ಮತ್ತು ಹಾಲ್‌ನಿಂದ 1.11 ಕೋಟಿ ಸೇರಿ ಒಟ್ಟು 3.30 ಕೋಟಿ. ಖರ್ಚು 2.10 ಕೋಟಿ ಕಳೆದರೆ 1.20 ಕೋಟಿ ಉಳಿಯುತ್ತದೆ. ಕೇಳಿರುವ ಸಾಲ 4 ಕೋಟಿ, ಬಡ್ಡಿ 11%, 8 ವರ್ಷಗಳ ಸಮ ಅಸಲು ಕಂತು. ಮೊದಲ ವರ್ಷದ ಬಡ್ಡಿ ಸುಮಾರು 41.5 ಲಕ್ಷ, ಅಸಲು 50 ಲಕ್ಷ.

ಸವಕಳಿ 30 ಲಕ್ಷ ಕಳೆದ ಲಾಭ 90 ಲಕ್ಷ. ಬಡ್ಡಿಯಿಂದ ಭಾಗಿಸಿದರೆ 2.17. ನೋಡಲು ಚೆನ್ನಾಗಿದೆ. ಈಗ ಡಿಎಸ್‌ಸಿಆರ್: ಬಡ್ಡಿ, ಸವಕಳಿ ಎರಡನ್ನೂ ಕಳೆದು ಸೆಸ್ ಸೇರಿ 31.2% ತೆರಿಗೆ ತೆಗೆದರೆ ನಿವ್ವಳ ಲಾಭ ಸುಮಾರು 33.4 ಲಕ್ಷ. ಅದಕ್ಕೆ ಸವಕಳಿಯನ್ನೂ ಬಡ್ಡಿಯನ್ನೂ ಮತ್ತೆ ಕೂಡಿಸಿದರೆ 104.9 ಲಕ್ಷ. ಕಟ್ಟಬೇಕಾದ 91.5 ಲಕ್ಷದಿಂದ ಭಾಗಿಸಿದರೆ 1.15. ಸಾಮಾನ್ಯವಾಗಿ ಯಾವ ವರ್ಷವೂ 1.2ಕ್ಕಿಂತ ಕೆಳಗೆ ಹೋಗಬಾರದು ಎಂಬುದು ಸಾಲ ಕೊಡುವವರ ನಿರೀಕ್ಷೆ; ಬ್ಯಾಂಕಿನಿಂದ ಬ್ಯಾಂಕಿಗೆ ಸ್ವಲ್ಪ ವ್ಯತ್ಯಾಸವಿರುತ್ತದೆ.

ಇಷ್ಟೂ ಮಾಲೀಕರು ಕೊಟ್ಟ ಅಂಕಿಯನ್ನೇ ನಂಬಿ ಮಾಡಿದ ಲೆಕ್ಕ. ಅದರಲ್ಲಿ ಎರಡು ಖರ್ಚು ಬಿಟ್ಟುಹೋಗಿರುವುದು ವಾಡಿಕೆ. ಮನೆಯವರೇ ಕೌಂಟರಿನಲ್ಲಿ ಕೂತು ಸಂಬಳ ಬರೆದುಕೊಂಡಿರುವುದಿಲ್ಲ, ಆದರೆ ಮನೆ ಖರ್ಚಿಗೆ ದುಡ್ಡು ಗಲ್ಲಾದಿಂದಲೇ ಹೋಗುತ್ತದೆ. ಅದಕ್ಕೆ 9 ಲಕ್ಷ ಇಡುತ್ತೇನೆ. ಇನ್ನೊಂದು ಹಾಸಿಗೆ, ಎಸಿ, ಗೀಸರ್, ಲಿಫ್ಟ್ ಬದಲಾಯಿಸುವ ಹಣ. ಮೊದಲ ಎರಡು ವರ್ಷ ಇದು ಕಾಣುವುದೇ ಇಲ್ಲ, ಆಮೇಲೆ ಒಟ್ಟಿಗೆ ಬರುತ್ತದೆ. ಆದಾಯದ 4%, ಅಂದರೆ 13 ಲಕ್ಷ ಎತ್ತಿಡುತ್ತೇನೆ. ಇದು ಮೀಸಲಾದ್ದರಿಂದ ತೆರಿಗೆ ಲೆಕ್ಕದಲ್ಲಿ ಕಳೆಯುವುದಿಲ್ಲ, ಕಂತಿಗೆ ಸಿಗುವ ನಗದಿನಿಂದ ಮಾತ್ರ ಕಳೆಯುತ್ತೇನೆ. ಎರಡನ್ನೂ ಸೇರಿಸಿದ ಮೇಲೆ ಇಂಟರೆಸ್ಟ್ ಕವರೇಜ್ ಇನ್ನೂ 1.95 ತೋರಿಸುತ್ತದೆ, ಡಿಎಸ್‌ಸಿಆರ್ ಮಾತ್ರ 0.94ಕ್ಕೆ ಇಳಿಯುತ್ತದೆ. ಬಡ್ಡಿಗೆ ಎರಡು ಪಟ್ಟು ದುಡಿಯುವ ಹೋಟೆಲ್ ಕಂತಿಗೆ ಸಾಲದೆ ಕೈಯಿಂದ ಹಾಕಬೇಕಾಗುತ್ತದೆ.

60% ಎಂಬುದನ್ನೂ ಹಾಗೇ ಒಪ್ಪುವುದಿಲ್ಲ. ದಸರಾ ಹತ್ತು ದಿನದ ಬಾಡಿಗೆಯನ್ನು ವರ್ಷದ ಸರಾಸರಿಗೆ ಹಿಗ್ಗಿಸಿರುವುದು ಆಗಾಗ ಸಿಗುತ್ತದೆ. ಕೋಣೆಗಳ ರಿಜಿಸ್ಟರ್, ಜಿಎಸ್‌ಟಿ ರಿಟರ್ನ್, ಲಾಂಡ್ರಿ ಬಿಲ್ ಮೂರನ್ನೂ ತಿಂಗಳುವಾರು ಪಕ್ಕದಲ್ಲಿಟ್ಟು ನೋಡಬೇಕು. ಕೋಣೆ ತುಂಬಿದ್ದರೆ ಬೆಡ್‌ಶೀಟ್ ಒಗೆದಿರಲೇಬೇಕು! ಆನ್‌ಲೈನ್ ಬುಕಿಂಗ್ ಹಣ ಕಮಿಷನ್ ಕಳೆದು ಖಾತೆಗೆ ಬರುತ್ತದೆ. ಆದಾಯವನ್ನು ಪೂರ್ತಿ ತೋರಿಸಿ ಕಮಿಷನ್ ಖರ್ಚು ತೋರಿಸದಿದ್ದರೆ ಲಾಭ ಉಬ್ಬಿರುತ್ತದೆ.

ಸರಿಪಡಿಸಲು ಅವಧಿ ಹಿಗ್ಗಿಸುವುದು ಮೊದಲ ಯೋಚನೆ. ಇಲ್ಲಿ 12 ವರ್ಷ ಮಾಡಿದರೂ ಡಿಎಸ್‌ಸಿಆರ್ 1.14 ಮಾತ್ರ. ಸಾಲವನ್ನೂ 3.40 ಕೋಟಿಗೆ ಇಳಿಸಿ, ಉಳಿದ 60 ಲಕ್ಷವನ್ನು ಪಾಲುದಾರರು ತಂದರೆ ವರ್ಷಕ್ಕೆ ಕಟ್ಟಬೇಕಾದದ್ದು ಸುಮಾರು 64.3 ಲಕ್ಷವಾಗಿ ಅನುಪಾತ 1.31ಕ್ಕೆ ಏರುತ್ತದೆ. ಈಗ ಕೋಣೆ ತುಂಬುವುದನ್ನು 52%ಕ್ಕೆ ಇಳಿಸಿ ನೋಡುತ್ತೇನೆ. ಬಾಡಿಗೆ ಸುಮಾರು 29 ಲಕ್ಷ ಕಡಿಮೆಯಾದರೂ ಸಂಬಳ, ಕರೆಂಟಿನ ಕನಿಷ್ಠ ಶುಲ್ಕ ಇಳಿಯದ ಕಾರಣ ಖರ್ಚಿನಲ್ಲಿ 7 ಲಕ್ಷ ಉಳಿತಾಯವಾದರೆ ಹೆಚ್ಚು. ಆಗಲೂ 1.07 ನಿಲ್ಲುತ್ತದೆ. ಮೊದಲಿನ ಪ್ರಸ್ತಾವದಲ್ಲಿ ಇದೇ ಪರೀಕ್ಷೆಗೆ ಸಿಗುವುದು 0.77.

ಅಸಲಿಗೆ ವಿನಾಯಿತಿ ಕೊಟ್ಟ ಮೊದಲ ವರ್ಷವನ್ನು ಸರಾಸರಿ ಡಿಎಸ್‌ಸಿಆರ್‌ಗೆ ಸೇರಿಸಬೇಡಿ. ಆ ವರ್ಷ ಬಡ್ಡಿ ಮಾತ್ರ ಇರುವುದರಿಂದ ಸರಾಸರಿ ಸುಳ್ಳು ಹೇಳುತ್ತದೆ.

ವರ್ಷದ ಅನುಪಾತ ತಿಂಗಳ ಕೊರತೆಯನ್ನು ಮುಚ್ಚಿಡುತ್ತದೆ. ಮಳೆಗಾಲದ ಒಂದು ತಿಂಗಳು 40% ತುಂಬಿ, ಬಾಡಿಗೆ 2,000ಕ್ಕೆ ಇಳಿದರೆ ಕೋಣೆಗಳಿಂದ 9.6 ಲಕ್ಷ, ಊಟದಿಂದ 7 ಲಕ್ಷ. ಖರ್ಚು 15 ಲಕ್ಷ ಕಳೆದು ಉಳಿದ 1.6 ಲಕ್ಷದಲ್ಲಿ ಸುಮಾರು 5.5 ಲಕ್ಷದ ಕಂತು ಕಟ್ಟಬೇಕು. ಹೀಗಾಗಿ ಮೂರು ತಿಂಗಳ ಕಂತಿನಷ್ಟು, ಸುಮಾರು 16 ಲಕ್ಷವನ್ನು, ಬ್ಯಾಂಕಿನ ಒಪ್ಪಿಗೆಯಿಲ್ಲದೆ ತೆಗೆಯಲಾಗದಂತೆ ಲೀನ್ ಹಾಕಿದ ಠೇವಣಿಯಲ್ಲಿ ಇಡುವ ಷರತ್ತು ಬರೆಯುತ್ತೇನೆ. ಅದಕ್ಕೆ ಒಪ್ಪದಿದ್ದರೆ ಜೂನ್‌ನಿಂದ ಆಗಸ್ಟ್‌ವರೆಗೆ ಕಡಿಮೆ, ಅಕ್ಟೋಬರ್‌ನಿಂದ ಜನವರಿವರೆಗೆ ಹೆಚ್ಚು ಎಂಬಂತೆ ಕಂತಿನ ಪಟ್ಟಿಯನ್ನೇ ಏರುಪೇರಾಗಿ ಕಟ್ಟಬೇಕಾಗುತ್ತದೆ.