ಗಂಟೆಗೊಂದು ಸುತ್ತು, ಎಂಟು ನಿಮಿಷ ಕುರ್ಚಿ

ಬ್ಯಾಕ್‌ಯಾರ್ಡ್ ಅಲ್ಟ್ರಾದ ನಿಯಮ ಕೇಳೋಕೆ ಸುಲಭ. 6.706 ಕಿ.ಮೀ. ಸುತ್ತನ್ನು ಒಂದು ಗಂಟೆಯೊಳಗೆ ಮುಗಿಸಬೇಕು. ಮುಂದಿನ ಗಂಟೆ ಬಾರಿಸಿದಾಗ ಮತ್ತೆ ಗೆರೆಯ ಮೇಲೆ ನಿಂತಿರಬೇಕು. 24 ಸುತ್ತಾದರೆ ನೂರು ಮೈಲಿ. ಕೊನೆಗೆ ಒಬ್ಬರೇ ಉಳಿಯುವವರೆಗೆ ಓಟ ನಡೆಯುತ್ತದೆ.

ದಾವಣಗೆರೆ ಹತ್ತಿರ ಗೆಳೆಯನ ಗದ್ದೆ ಪಕ್ಕದ ಕಾಲುವೆ ರಸ್ತೆಯಲ್ಲಿ ನಾವು ಐದು ಜನ ಇದನ್ನು ಮಾಡಿದೆವು. ಹೋಗೋಕೆ 3.353 ಕಿ.ಮೀ., ಬರೋಕೆ ಅಷ್ಟೇ. ಮೊದಲ ಸಲ ನಾನು ಸುತ್ತನ್ನು 44 ನಿಮಿಷಕ್ಕೆ ಮುಗಿಸಿ 16 ನಿಮಿಷ ಕೂರುತ್ತಿದ್ದೆ. ಜಾಸ್ತಿ ವಿಶ್ರಾಂತಿ ಸಿಕ್ಕರೆ ಒಳ್ಳೇದಲ್ವಾ ಅಂದುಕೊಂಡಿದ್ದೆ. ಆದರೆ ಬಿಸಿ ಆರಿದ ಕಾಲು ಪ್ರತಿ ಸಲ ಮರಗಟ್ಟಿತು. ಬಿಸಿಲಲ್ಲಿ ಆ ವೇಗವೂ ದುಬಾರಿಯಾಯಿತು. ಹನ್ನೊಂದನೇ ಸುತ್ತಿಗೆ ಕುರ್ಚಿಯಿಂದ ಏಳಲಾಗಲಿಲ್ಲ.

ಮುಂದಿನ ಡಿಸೆಂಬರ್‌ನಲ್ಲಿ ವೇಗ ಇಳಿಸಿ, ಸುತ್ತನ್ನು 52 ನಿಮಿಷಕ್ಕೆ ಮುಗಿಸಿದೆ. ವಾಚ್ ನೋಡಿ ಓಡಲಿಲ್ಲ, ಜಾಗ ನೋಡಿ ಓಡಿದೆ. ಶುರುವಿನಿಂದ ಬೇವಿನ ಮರದವರೆಗೆ ನಡಿಗೆ, ಅಲ್ಲಿಂದ ಮೋರಿವರೆಗೆ ಓಟ, ಏರು ಬಂದರೆ ಮತ್ತೆ ನಡಿಗೆ. ಮೈಯಲ್ಲಿ ಶಕ್ತಿ ಇದ್ದಾಗಲೂ ಆ ಜಾಗಗಳನ್ನು ಬದಲಿಸಲಿಲ್ಲ. ಶುರುವಿನ ನಡಿಗೆಯಲ್ಲೇ ಊಟವೂ ಆಗುತ್ತಿತ್ತು. ಒಂದು ಸುತ್ತಿಗೆ ಬಾಳೆಹಣ್ಣು ಮತ್ತು ಬೆಲ್ಲದ ಚೂರು, ಮುಂದಿನದಕ್ಕೆ ಉಪ್ಪು ಹಚ್ಚಿದ ಬೆಂದ ಆಲೂಗಡ್ಡೆ, ಅದರ ಮುಂದಿನದಕ್ಕೆ ಪುಟ್ಟ ಬಟ್ಟಲು ಮೊಸರನ್ನ. ಹಸಿವು ಕೇಳಿ ತಿನ್ನಲಿಲ್ಲ, ಗಂಟೆ ನೋಡಿ ತಿಂದೆ. ಮಂಡಕ್ಕಿ ಮಿರ್ಚಿ ಕಣ್ಣೆದುರೇ ಇತ್ತು, ಮುಟ್ಟಲಿಲ್ಲ. ಎಣ್ಣೆ ಪದಾರ್ಥ ಓಡುವ ಹೊಟ್ಟೆಯಲ್ಲಿ ಹಾಗೇ ಕೂತುಬಿಡುತ್ತದೆ.

ಬೆಳಗ್ಗೆ 6ಕ್ಕೆ ಶುರು ಮಾಡಿದ್ದೆವು. ರಾತ್ರಿ ನಿದ್ದೆ ಬೇಕೆನಿಸಿದಾಗ ಹದಿನೇಳನೇ ಸುತ್ತನ್ನು ಮಾತ್ರ 50 ನಿಮಿಷಕ್ಕೆ ಮುಗಿಸಿದೆ. ಎರಡು ನಿಮಿಷ ತಿಂದು, ಕಾಲು ಕುರ್ಚಿ ಮೇಲಿಟ್ಟು ಚಾಪೆಯಲ್ಲಿ ಮಲಗಿದೆ. ಗಂಟೆಗೆ ಮೂರು, ಎರಡು, ಒಂದು ನಿಮಿಷ ಇರುವಾಗ ಸೀಟಿ ಊದುವುದು ಈ ಓಟದ ಪದ್ಧತಿ. ಅಕ್ಕನ ಮಗ ಮೂರು ಸೀಟಿ ಊದಿ, "ಮಾಮ, ಏಳ್ರಿ, ಮೂರೇ ನಿಮಿಷ" ಅಂದ. ಐದು ನಿಮಿಷದ ಆ ನಿದ್ದೆ ಎರಡು ಗಂಟೆ ಕಣ್ಣು ತೆರೆದಿಟ್ಟಿತು. ಕಾಫಿಯನ್ನು ರಾತ್ರಿ 1 ಗಂಟೆಗೆಂದೇ ಉಳಿಸಿಕೊಂಡಿದ್ದೆ. ಮಧ್ಯಾಹ್ನದಿಂದಲೇ ಕುಡಿದಿದ್ದರೆ ಆ ಹೊತ್ತಿಗೆ ಅದು ನಾಟುತ್ತಿರಲಿಲ್ಲ.

ನಾನು ಸೋತದ್ದು ಊಟದಲ್ಲಿ. ಹತ್ತೊಂಬತ್ತನೇ ಸುತ್ತಿಗೆ ಹೊಟ್ಟೆ ತೊಳೆಸಿತು. "ಈಗ ಬೇಡ, ಆಮೇಲೆ" ಅಂದೆ. ಅಳಿಯನ ಮೇಲೆ ಸುಮ್ನೆ ರೇಗಿದೆ. ಊಟ ಕಡಿಮೆಯಾಗಿದ್ದಕ್ಕೆ ಅದೇ ಮೊದಲ ಸೂಚನೆ, ಕಾಲುನೋವು ಅಲ್ಲ. ಆಮೇಲಿನ ಸುತ್ತುಗಳು 53, 55, 58 ನಿಮಿಷ. ಇಪ್ಪತ್ಮೂರನೆಯದಕ್ಕೆ 62 ಆಯಿತು, ನಾನು ಹೊರಗೆ. ಎಣಿಕೆಗೆ ಸಿಕ್ಕಿದ್ದು 22 ಸುತ್ತು, 147.5 ಕಿ.ಮೀ.

ಮುಂದಿನ ಸಲ ಹದಿನೆಂಟನೇ ಸುತ್ತಿನಿಂದ ಗಟ್ಟಿ ಊಟವೇ ಇಲ್ಲ. ತೆಳ್ಳಗಿನ ರಾಗಿ ಅಂಬಲಿಗೆ ಉಪ್ಪು, ಬೆಲ್ಲ ಹಾಕಿ, ಎಂಟು ನಿಮಿಷದಲ್ಲಿ ಗುಟುಕು ಗುಟುಕಾಗಿ ಕುಡಿಯುತ್ತೇನೆ. ನಾನು ಬೇಡವೆಂದರೂ ಲೋಟ ಕೈಗಿಡಬೇಕು ಅಂತ ಅಳಿಯನಿಗೆ ಈಗಲೇ ಹೇಳಿಟ್ಟಿದ್ದೇನೆ.