ಕನ್ನಡ ಟೈಪಿಂಗಿಗೆ ಯಾವ ಸ್ವಿಚ್? ಬ್ಲೂ, ಬ್ರೌನ್, ರೆಡ್, ಸೈಲೆಂಟ್: ನನ್ನ ಅನುಭವ

ನನ್ನ ಕೆಲಸ ಅನುವಾದ. ದಿನದಲ್ಲಿ ಹೆಚ್ಚು ಹೊತ್ತು ಕನ್ನಡ ಟೈಪ್ ಮಾಡುತ್ತಲೇ ಇರುತ್ತೇನೆ, ಅದರಲ್ಲೂ ರಾತ್ರಿ, ಪಕ್ಕದ ಕೋಣೆಯಲ್ಲಿ ಅಮ್ಮ ಮಲಗಿದ ಮೇಲೆ. ಹಾಗಾಗಿ ಕೀಬೋರ್ಡಿನಿಂದ ನನಗೆ ಬೇಕಾದ್ದು ಎರಡೇ. ಬೆರಳು ಸೋಲಬಾರದು, ಅಮ್ಮ ಏಳಬಾರದು. ಪ್ರತಿ ಕೀಯ ಕೆಳಗೂ ಬೇರೆಯದೇ ಸ್ವಿಚ್ ಇರುವ ಮೆಕ್ಯಾನಿಕಲ್ ಕೀಬೋರ್ಡ್ ಬಗ್ಗೆ ಸಿಗುವ ಸಲಹೆ ಬಹುತೇಕ ಗೇಮ್ ಆಡುವವರಿಗೆ, ಇಲ್ಲವೇ ಇಂಗ್ಲಿಷ್ ಟೈಪ್ ಮಾಡುವವರಿಗೆ. ಕನ್ನಡ ಟೈಪ್ ಮಾಡುವ ಬೆರಳಿನ ಲೆಕ್ಕ ಸ್ವಲ್ಪ ಬೇರೆ.

ನಾನು ಕೊಂಡಿದ್ದು ಹಾಟ್‌ಸ್ವಾಪ್ ಕೀಬೋರ್ಡ್. ಅಂದರೆ ಬೆಸುಗೆ ಬಿಚ್ಚದೆ ಸ್ವಿಚ್ ಕಿತ್ತು ಬೇರೆಯದನ್ನು ಹಾಕಬಹುದು. ಒಂದೇ ಕೀಬೋರ್ಡಿನಲ್ಲಿ, ಒಂದೇ ಮೇಜಿನ ಮೇಲೆ ಹೋಲಿಸಿ ನೋಡಿದ್ದರಿಂದ ವ್ಯತ್ಯಾಸ ನಿಜವಾಗಿ ಸ್ವಿಚ್ಚಿನದೇ ಅಂತ ಗೊತ್ತಾಗುತ್ತಿತ್ತು. ಅಂಗಡಿಯಲ್ಲಿ ಎರಡು ಬೇರೆ ಕೀಬೋರ್ಡ್ ಒತ್ತಿ ನೋಡಿದರೆ ಡಬ್ಬಿಯ ಸದ್ದು, ಕೀಕ್ಯಾಪಿನ ಸದ್ದು ಎಲ್ಲ ಸೇರಿಕೊಂಡು ಏನೂ ತಿಳಿಯುವುದಿಲ್ಲ.

ಸ್ವಿಚ್ಚಿನ ಒಳಗೆ ಇರುವುದು ಸರಳ. ಕೀ ಜೊತೆ ಕೆಳಗಿಳಿಯುವ ಪ್ಲಾಸ್ಟಿಕ್ಕಿನ ಒಂದು ಸ್ಟೆಮ್, ಅದರ ಕೆಳಗೆ ಸ್ಪ್ರಿಂಗ್, ಪಕ್ಕದಲ್ಲಿ ಲೋಹದ ತೆಳು ಪಟ್ಟಿ. ಜರ್ಮನಿಯ ಚೆರ್ರಿ ಕಂಪನಿಯ ಎಂಎಕ್ಸ್ ಸ್ವಿಚ್ಚಿನದೇ ಈ ಮಾದರಿ, ಈಗ ಗೇಟ್ರಾನ್, ಕೈಲ್, ಔಟೆಮು ಎಲ್ಲರೂ ಇದನ್ನೇ ಮಾಡುತ್ತಾರೆ. ಮಾಮೂಲಿ ಸ್ವಿಚ್ ಒಟ್ಟು 4 ಮಿಲಿಮೀಟರ್ ಕೆಳಗೆ ಹೋಗುತ್ತದೆ. ಅಕ್ಷರ ಮೂಡುವುದು ಸುಮಾರು 2 ಮಿಲಿಮೀಟರಿನಲ್ಲಿ, ಅಂದರೆ ಅರ್ಧ ದಾರಿಯಲ್ಲೇ. ರೆಡ್, ಬ್ರೌನ್, ಬ್ಲೂ ಅನ್ನುವುದು ಸ್ಟೆಮ್ಮಿನ ಬಣ್ಣದಿಂದ ಬಂದ ಹೆಸರು. ರೆಡ್‌ನಲ್ಲಿ ಸ್ಟೆಮ್ ನುಣುಪು, ಸಲೀಸಾಗಿ ಇಳಿಯುತ್ತದೆ. ಇದು ಲೀನಿಯರ್. ಬ್ರೌನ್‌ನಲ್ಲಿ ಸ್ಟೆಮ್ಮಿನ ಕಾಲಿಗೆ ಒಂದು ಸಣ್ಣ ಉಬ್ಬು ಇರುತ್ತದೆ, ಲೋಹದ ಪಟ್ಟಿ ಅದನ್ನು ದಾಟುವಾಗ ಬೆರಳಿಗೆ ಚೂರು ತಡೆ ಸಿಗುತ್ತದೆ. ಇದು ಟ್ಯಾಕ್ಟೈಲ್. ಬ್ಲೂನಲ್ಲಿ ಸ್ಟೆಮ್ ಎರಡು ತುಂಡು, ಕೆಳಗಿನ ತುಂಡು ಪಟ್ಟಿಯನ್ನು ದಾಟಿದ ಕೂಡಲೇ ಚಿಮ್ಮಿ ಕೆಳಗೆ ಬಡಿಯುತ್ತದೆ. ಆ ‘ಟಿಕ್’ ಸದ್ದು ಬರುವುದು ಅಲ್ಲಿಂದ. ಬಣ್ಣವನ್ನೇ ನಂಬಿ ಕೊಳ್ಳಬೇಡಿ, ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ. ಗೇಟ್ರಾನ್ ಯೆಲ್ಲೋ ಲೀನಿಯರ್, ಕೈಲ್ ಬಾಕ್ಸ್ ವೈಟ್ ಟಿಕ್ ಅನ್ನುವ ಜಾತಿ.

ಮೊದಲು ಹಾಕಿದ್ದು ಬ್ಲೂ. ಟೈಪ್ ಮಾಡೋಕೆ ಮಜಾ, ಅದರಲ್ಲಿ ಎರಡು ಮಾತಿಲ್ಲ. ಬ್ಲೂ ಬಗ್ಗೆ ಒಂದು ದೂರು ಇದೆ: ಒಂದು ಸಲ ಒತ್ತಿದ ಮೇಲೆ ಅದೇ ಕೀ ಮತ್ತೆ ಕೆಲಸ ಮಾಡಬೇಕಾದರೆ ಅದು ಸಾಕಷ್ಟು ಮೇಲಕ್ಕೆ ವಾಪಸ್ ಬರಬೇಕು, ಹಾಗಾಗಿ ಒಂದೇ ಅಕ್ಷರವನ್ನು ಬೇಗ ಎರಡು ಸಲ ಒತ್ತುವುದು ಕಷ್ಟ ಅಂತ. ಕನ್ನಡದಲ್ಲಿ ಇದು ಅಷ್ಟಾಗಿ ತೊಂದರೆ ಕೊಡಲಿಲ್ಲ. ನಾನು ಬಳಸುವುದು ನುಡಿ ತಂತ್ರಾಂಶದಲ್ಲಿರುವ ಕೆಜಿಪಿ ಕೀಬೋರ್ಡ್ ವಿನ್ಯಾಸ. ಅದರಲ್ಲಿ ‘ನ್ನ’ ಬರಬೇಕಾದರೆ `n f n`, ‘ಲ್ಲ’ ಬರಬೇಕಾದರೆ `l f l`. ಮಧ್ಯೆ ಅರ್ಧಾಕ್ಷರದ `f` ಬಂದೇ ಬರುತ್ತದಲ್ವಾ, ಅಷ್ಟರಲ್ಲಿ ಮೊದಲ ಕೀ ಮೇಲೆ ಬಂದಿರುತ್ತದೆ. ಬ್ಲೂ ಬಿಡಲು ಕಾರಣ ಸದ್ದೊಂದೇ. ಮೊದಲ ರಾತ್ರಿಯೇ ಅಮ್ಮ ಎದ್ದು ಬಂದು, “ಏನೇ ಅದು, ಯಾರೋ ಬಾಗಿಲು ಬಡೀತಿದಾರೆ ಅಂದ್ಕೊಂಡೆ” ಅಂದರು. ಬ್ಲೂನ ಟಿಕ್ ಎಷ್ಟು ಮೆಲ್ಲಗೆ ಒತ್ತಿದರೂ ಬರುತ್ತದೆ. ಅದನ್ನು ತಗ್ಗಿಸಲು ನಿಮ್ಮ ಕೈಯಲ್ಲಿ ಏನೂ ಇಲ್ಲ.

ಹಾಗಾದರೆ ಟಿಕ್ ಇಲ್ಲದ ರೆಡ್ ಹಾಕಿದರೆ ಸದ್ದೇ ಇರುವುದಿಲ್ಲವಾ? ಇರುತ್ತದೆ, ಚೆನ್ನಾಗಿಯೇ ಇರುತ್ತದೆ. ರೆಡ್ ಕೀಯನ್ನು ಬೆರಳಲ್ಲಿ ನಿಧಾನವಾಗಿ ಒತ್ತಿ, ನಿಧಾನವಾಗಿ ಬಿಡಿ. ಏನೂ ಕೇಳಿಸುವುದಿಲ್ಲ. ಈಗ ಮಾಮೂಲಿ ವೇಗದಲ್ಲಿ ಒಂದು ವಾಕ್ಯ ಟೈಪ್ ಮಾಡಿ, ಟಕಟಕ ಶುರು. ಸ್ಟೆಮ್ ಹೋಗಿ ತಳಕ್ಕೆ ಬಡಿಯುವುದು ಒಂದು ಸದ್ದು, ಸ್ಪ್ರಿಂಗ್ ಅದನ್ನು ಮೇಲಕ್ಕೆ ತಳ್ಳಿದಾಗ ಮುಚ್ಚಳಕ್ಕೆ ಬಡಿಯುವುದು ಇನ್ನೊಂದು ಸದ್ದು. ಬ್ರೌನ್‌ನಲ್ಲೂ ಇದೇ ಕಥೆ. ಅಂಗಡಿಯವರು ರೆಡ್, ಬ್ರೌನ್ ಎರಡನ್ನೂ ‘ಸೈಲೆಂಟ್’ ಅಂತ ಮಾರುತ್ತಾರೆ, ಆದರೆ ಅವರ ಮಾತಿನ ಅರ್ಥ ಟಿಕ್ ಇಲ್ಲ ಅಂತ ಮಾತ್ರ.

ಕೀಕ್ಯಾಪಿನ ಒಳಗೆ ಹಾಕುವ ರಬ್ಬರ್ ಉಂಗುರವನ್ನೂ ನೋಡಿದೆ. ಕೆಳಗೆ ಬಡಿಯುವ ಸದ್ದು ತಗ್ಗುತ್ತದೆ, ವಾಪಸ್ ಬರುವ ಸದ್ದು ಹಾಗೇ ಉಳಿಯುತ್ತದೆ. ನಿಜವಾಗಿ ಕೆಲಸ ಮಾಡಿದ್ದು ಸೈಲೆಂಟ್ ಲೀನಿಯರ್ ಸ್ವಿಚ್, ಚೆರ್ರಿಯಲ್ಲಾದರೆ ಸೈಲೆಂಟ್ ರೆಡ್. ಇದರ ಸ್ಟೆಮ್ಮಿನಲ್ಲೇ ಕೆಳಗಿನ ಹೊಡೆತಕ್ಕೂ ಮೇಲಿನ ಹೊಡೆತಕ್ಕೂ ಮೆತ್ತನೆಯ ತುಂಡು ಇರುತ್ತದೆ. ಆ ಕಾರಣಕ್ಕೆ ಒಟ್ಟು ಇಳಿತ 3.7 ಮಿಲಿಮೀಟರಿಗೆ ಇಳಿದಿದೆ. ಬ್ಲೂಗೆ ಅಭ್ಯಾಸವಾದ ಕೈಗೆ ಮೊದಲಿಗೆ ಕೀ ತಳದಲ್ಲಿ ಹಿಟ್ಟಿಗೆ ಬೆರಳು ಅದ್ದಿದ ಹಾಗೆ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು, ಆಮೇಲೆ ಅದೇ ಇಷ್ಟವಾಯಿತು, ಯಾಕೆಂದರೆ ಗಟ್ಟಿ ತಳಕ್ಕೆ ಇಡೀ ದಿನ ಬಡಿದ ಬೆರಳ ತುದಿಗೆ ಸಂಜೆ ಬರುತ್ತಿದ್ದ ಒಂಥರಾ ಉರಿ ಕಡಿಮೆಯಾಯಿತು.

ಇನ್ನು ಭಾರದ ವಿಷಯ. ದೀರ್ಘ ಟೈಪಿಂಗಿಗೆ ಟ್ಯಾಕ್ಟೈಲೋ ಲೀನಿಯರೋ ಅನ್ನುವುದಕ್ಕಿಂತ ಇದೇ ಮುಖ್ಯ ಅಂತ ನನ್ನ ಅಭಿಪ್ರಾಯ. ರೆಡ್‌ಗೆ 45, ಅದೇ ಲೀನಿಯರ್ ಜಾತಿಯ ಬ್ಲ್ಯಾಕ್‌ಗೆ 60 ಅಂತ ಬರೆದಿರುತ್ತಾರೆ, ಅದನ್ನು ಹೆಚ್ಚುಕಮ್ಮಿ ಗ್ರಾಂ ಅಂತಲೇ ಓದಿಕೊಳ್ಳಿ. ಅಕ್ಷರ ಮೂಡುವ ಜಾಗದಲ್ಲಿ ಬೇಕಾದ ಒತ್ತಡ ಅದು. ಅಲ್ಲಿಂದ ಕೆಳಕ್ಕೆ ಸ್ಪ್ರಿಂಗ್ ಇನ್ನೂ ಬಿಗಿಯಾಗುತ್ತದೆ, ವೇಗದಲ್ಲಿ ನಾವೆಲ್ಲ ತಳದವರೆಗೂ ಒತ್ತುವವರೇ.

ಹೆಸರಿಲ್ಲದ ಸ್ವಿಚ್ ಸಿಕ್ಕರೆ ಭಾರವನ್ನು ಮನೆಯಲ್ಲೇ ಅಳೆಯಬಹುದು. ಹತ್ತು ರೂಪಾಯಿ ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ. ಸುತ್ತಲಿನ ಕೀಕ್ಯಾಪ್ ತೆಗೆದುಬಿಡಿ, ಇಲ್ಲದಿದ್ದರೆ ನಾಣ್ಯ ಅವುಗಳ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಒಂದೊಂದೇ ನಾಣ್ಯವನ್ನು ಮೆಲ್ಲಗೆ ಇಡುತ್ತಾ ಹೋಗಿ, ಪರದೆಯಲ್ಲಿ ಅಕ್ಷರ ಯಾವಾಗ ಮೂಡುತ್ತದೆ ನೋಡಿ. ಆರನೇ ನಾಣ್ಯಕ್ಕೆ ಮೂಡಿದರೆ ಅದು ರೆಡ್ ಲೆಕ್ಕದ್ದು, ಎಂಟು ಬೇಕಾದರೆ ಬ್ಲ್ಯಾಕ್ ಲೆಕ್ಕದ್ದು. ನಿಖರವಾದ ಅಳತೆ ಅಲ್ಲ, ಆದರೆ ಹಗುರವೋ ಭಾರವೋ ಅಂತ ತಿಳಿಯೋಕೆ ಸಾಕು.

ಕನ್ನಡಕ್ಕೆ ಭಾರ ಯಾಕೆ ಇಷ್ಟು ಮುಖ್ಯ ಅಂದರೆ, ಕೆಜಿಪಿಯಲ್ಲಿ ಎಡಗೈ ತೋರುಬೆರಳಿಗೆ ಬೀಳುವ ಕೆಲಸ ಅಷ್ಟಿದೆ. ‘ಕರ್ತವ್ಯ’ ಬರೆದು ನೋಡಿ:

```
k r f t v f y
```

ಮಧ್ಯದ ಐದೂ ಒತ್ತು, `r f t v f`, ಒಂದೇ ಬೆರಳಿನದು. ‘ಮಾಡುತ್ತಾನೆ’, ‘ಬರುತ್ತದೆ’ ಅನ್ನುವ ಪ್ರತಿ ಕ್ರಿಯಾಪದದಲ್ಲೂ `t f t` ಬರುತ್ತದೆ, ಮತ್ತೆ ಅದೇ ಬೆರಳು. ಇದರ ಮೇಲೆ ಶಿಫ್ಟ್ ಬೇರೆ. ದೀರ್ಘ ಸ್ವರಕ್ಕೆ ಶಿಫ್ಟ್, ಸೊನ್ನೆಗೆ ಶಿಫ್ಟ್, ಣ ಮತ್ತು ಳಕ್ಕೆ ಶಿಫ್ಟ್, ಮಹಾಪ್ರಾಣಕ್ಕೂ ಶಿಫ್ಟ್. ಇಂಗ್ಲಿಷಿನಲ್ಲಿ ವಾಕ್ಯಕ್ಕೊಮ್ಮೆ ಬರುವ ಶಿಫ್ಟ್ ಇಲ್ಲಿ ಪದಕ್ಕೊಂದು ಎರಡು ಬರುತ್ತದೆ, ಅದನ್ನು ಒತ್ತಬೇಕಾದ್ದು ಬಡಪಾಯಿ ಕಿರುಬೆರಳು, ಅದೂ ಹಿಡಿದೇ ಇರಬೇಕು. ಬ್ಲ್ಯಾಕ್ ಹಾಕಿದಾಗ ನನಗೆ ಮೊದಲು ಸೋತಿದ್ದು ಕಿರುಬೆರಳೇ. ತೋರುಬೆರಳು ಆಮೇಲೆ.

ಹಾಗಂತ ತೀರಾ ಹಗುರವೂ ಆಗುವುದಿಲ್ಲ. 35 ಗ್ರಾಮಿನ ಲೀನಿಯರ್ ಎಲ್ಲ ಕೀಗೂ ಹಾಕಿ ನೋಡಿದಾಗ ಕೈಗೇನೋ ಹಾಯಾಗಿತ್ತು, ಆದರೆ ಕಡತದಲ್ಲಿ ಎಲ್ಲೆಲ್ಲೋ ಅರ್ಧಾಕ್ಷರ ಬರತೊಡಗಿತು. ಯೋಚಿಸುವಾಗ ಎಡ ತೋರುಬೆರಳು ಬಂದು ಕೂರುವುದೇ `f` ಮೇಲೆ, ಬೆರಳಿನ ಭಾರಕ್ಕೇ ಅದು ಒತ್ತಿಹೋಗುತ್ತದೆ. ‘ಅವರ’ ಹೋಗಿ ‘ಅವರ್’, ‘ಮರದ’ ಹೋಗಿ ‘ಮ್ರದ’. ಇಂಗ್ಲಿಷಿನಲ್ಲಾದರೆ ಸುಮ್ನೆ ಒಂದು ಹೆಚ್ಚುವರಿ f ಕಣ್ಣಿಗೆ ಹೊಡೆಯುತ್ತದೆ. ಇಲ್ಲಿ ಅದು ಅಕ್ಷರದ ತಲೆಯ ಮೇಲೆ ಒಂದು ಸಣ್ಣ ಬಾಲವಾಗಿಯೋ ಕೆಳಗೆ ಒತ್ತಕ್ಷರವಾಗಿಯೋ ಅಡಗಿ ಕೂರುತ್ತದೆ, ಕರಡು ತಿದ್ದುವಾಗಲೂ ತಪ್ಪಿಸಿಕೊಳ್ಳುತ್ತದೆ.

ಈಗ ನನ್ನ ಕೀಬೋರ್ಡ್ ಇರುವುದು ಹೀಗೆ. ಅಕ್ಷರಗಳಿಗೆಲ್ಲ 45ರ ಸೈಲೆಂಟ್ ಲೀನಿಯರ್. ಎರಡೂ ಶಿಫ್ಟಿಗೆ ಮಾತ್ರ 35ರದ್ದು, ಅಲ್ಲಿ ಬೆರಳು ಸುಮ್ಮನೆ ಕೂರುವುದಿಲ್ಲವಾದ್ದರಿಂದ ಅಪಾಯ ಇಲ್ಲ. `f` ಕೀಗೆ ಒಂದೇ ಒಂದು ಸೈಲೆಂಟ್ ಟ್ಯಾಕ್ಟೈಲ್. ಅದರ ಉಬ್ಬು ಇಳಿತದ ಶುರುವಿನಲ್ಲೇ ಇದೆ, ಸುಮ್ಮನೆ ಕೂತ ಬೆರಳನ್ನು ಅದು ತಡೆಯುತ್ತದೆ. ಇಡೀ ಕೀಬೋರ್ಡಿಗೆ ಟ್ಯಾಕ್ಟೈಲ್ ಯಾಕೆ ಹಾಕಲಿಲ್ಲ ಅಂತ ಕೇಳಬಹುದು. ಉಬ್ಬು ದಾಟಿದ ಕೂಡಲೇ ಬೆರಳು ನಿಲ್ಲಿಸಬಹುದು ಅನ್ನುವುದು ಟ್ಯಾಕ್ಟೈಲ್ ಪರವಾದ ವಾದ. ನಿಧಾನವಾಗಿ ಟೈಪ್ ಮಾಡುವವರಿಗೆ ಅದು ನಿಜ ಇರಬಹುದು. ನನ್ನ ವೇಗದಲ್ಲಿ ಬೆರಳು ನಿಲ್ಲುವುದಿಲ್ಲ, ಉಬ್ಬನ್ನೂ ದಾಟಿ ತಳಕ್ಕೂ ಬಡಿಯುತ್ತದೆ, ಅಂದರೆ ಪ್ರತಿ ಒತ್ತಿಗೂ ಸ್ವಲ್ಪ ಹೆಚ್ಚಿನ ಕೆಲಸ. ಬ್ರೌನ್‌ನಲ್ಲೇ ಹಾಯಾಗಿರುವ ಸ್ನೇಹಿತೆಯೊಬ್ಬಳಿದ್ದಾಳೆ, ಅವಳ ಕೈ ನನ್ನದಕ್ಕಿಂತ ಹಗುರ.

ಸ್ವಿಚ್ ಬದಲಿಸುವಾಗ ಒಂದು ಎಚ್ಚರ. ಕೆಳಗಿನ ಎರಡು ಲೋಹದ ಪಿನ್ ನೆಟ್ಟಗಿವೆಯಾ ನೋಡಿ, ಸ್ವಿಚ್ಚನ್ನು ಓರೆ ಮಾಡದೆ ನೇರ ಕೆಳಗೆ ಒತ್ತಿ. ಕೂತ ಹಾಗೆ ಕಂಡರೂ ಅಕ್ಷರ ಮೂಡದಿದ್ದರೆ ಮಡಚಿದ ಪಿನ್ ಕಾರಣ ಅಂತ ಮೊದಲು ಅನುಮಾನಿಸಿ. ಕಿತ್ತು, ಚಿಮಟದಲ್ಲಿ ನೆಟ್ಟಗೆ ಮಾಡಿ ಮತ್ತೆ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಐದು ಕಾಲಿನ ಸ್ವಿಚ್ ಮೂರು ಕಾಲಿನ ಬೋರ್ಡಿಗೆ ಹೋಗುವುದಿಲ್ಲ, ಬದಿಯ ಎರಡು ಪ್ಲಾಸ್ಟಿಕ್ ಕಾಲನ್ನು ಕತ್ತರಿಸಬೇಕಾಗುತ್ತದೆ.

ಸೈಲೆಂಟ್ ಸ್ವಿಚ್ ಹಾಕಿದ ಮೇಲೆ ಅಲ್ಲಿಯವರೆಗೆ ಅಡಗಿದ್ದ ಸದ್ದುಗಳು ಕೇಳಿಸತೊಡಗುತ್ತವೆ. ಸ್ಪೇಸ್, ಎಂಟರ್, ಶಿಫ್ಟ್ ಗಡಗಡ ಅನ್ನುತ್ತವೆ. ಅದು ಸ್ವಿಚ್ಚಿನದಲ್ಲ, ಉದ್ದ ಕೀಯನ್ನು ಸಮವಾಗಿ ಹಿಡಿಯುವ ಸ್ಟೆಬಿಲೈಜರ್ ತಂತಿಯದು. ತಂತಿಯ ಎರಡೂ ತುದಿಗೆ ಒಂದು ಚೂರು ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿದೆ, ನಿಂತಿತು. ಇನ್ನೊಂದು ಸದ್ದು ಮೇಜಿನದು. ಕೀಬೋರ್ಡನ್ನು ತೊಡೆಯ ಮೇಲಿಟ್ಟು ಟೈಪ್ ಮಾಡಿ ನೋಡಿ. ಸದ್ದು ಗಮನಕ್ಕೆ ಬರುವಷ್ಟು ತಗ್ಗಿದರೆ ಮೇಜು ಅದನ್ನು ಎತ್ತಿ ಹೇಳುತ್ತಿದೆ ಅಂತ ಅರ್ಥ. ಕೆಳಗೆ ದಪ್ಪ ಮ್ಯಾಟ್ ಹಾಸಿದರೆ ಸಾಕು, ಹೊಸ ಸ್ವಿಚ್ಚಿಗೆ ದುಡ್ಡು ಬೇಡ.

ಮಣಿಕಟ್ಟಿನ ನೋವಿಗೆ ಮಾತ್ರ ಸ್ವಿಚ್ ಮದ್ದಲ್ಲ. ಮೆಕ್ಯಾನಿಕಲ್ ಕೀಬೋರ್ಡ್ ಎತ್ತರ ಇರುವುದರಿಂದ ಹಿಂದಿನ ಕಾಲು ಮಡಚಿಡುವುದೇ ಒಳ್ಳೆಯದು, ಬೆರಳು ಜೋಮು ಹಿಡಿಯುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ. ಹಾಟ್‌ಸ್ವಾಪ್, ಚಿಮಟ, ಗ್ರೀಸ್ ಇದೆಲ್ಲ ರಗಳೆ ಅನ್ನುವವರು 45ರ ಸೈಲೆಂಟ್ ರೆಡ್ ಇರುವ ರೆಡಿ ಕೀಬೋರ್ಡ್ ಕೊಳ್ಳಬಹುದು. ಶಿಫ್ಟ್ ಸ್ವಲ್ಪ ಭಾರ ಅನ್ನಿಸುತ್ತದೆ, ಉಳಿದಂತೆ ನಾನು ಮಾಡಿಕೊಂಡಿದ್ದಕ್ಕೆ ಅದು ಹತ್ತಿರವೇ ಇದೆ.