ಕಲ್ಲಿನಿಂದ ಕಬ್ಬಿಣದವರೆಗೆ: ತರಗತಿಯ ಗೋಡೆಪಟಕ್ಕೆ ವಿವರಣೆ ಬರೆಯುವುದು ಹೇಗೆ?

ಅಂಗಡಿಯಲ್ಲಿ ಸಿಗುವ ಪಟಗಳಲ್ಲಿ ಕಲ್ಲು, ತಾಮ್ರ, ಕಂಚು, ಕಬ್ಬಿಣ ಎಂದು ನಾಲ್ಕು ಚೌಕ, ನಡುವೆ ಮೂರು ಬಾಣ ಇರುತ್ತವೆ. ನಮ್ಮ ನಾಡಿಗೆ ಈ ಸಾಲು ಒಗ್ಗುವುದಿಲ್ಲ. ಇಲ್ಲಿ ಕಂಚಿನದೇ ಆದ ಒಂದು ಯುಗ ಪ್ರತ್ಯೇಕವಾಗಿ ಕಾಣುವುದಿಲ್ಲ. ನವಶಿಲಾಯುಗದ ಜನ ಕಲ್ಲಿನ ಕೊಡಲಿಯ ಜೊತೆಗೇ ಅಷ್ಟಿಷ್ಟು ತಾಮ್ರ ಬಳಸಿದರು, ಆಮೇಲೆ ನೇರವಾಗಿ ಕಬ್ಬಿಣ ಬಂತು. ಆದ್ದರಿಂದ ಕರ್ನಾಟಕದ ನೆಲೆಗಳನ್ನೇ ಇಟ್ಟುಕೊಂಡು ಪಟ ಮಾಡೋಣ.

1. ಮೊದಲು ಕಾಲರೇಖೆ. ಯಾದಗಿರಿ ಜಿಲ್ಲೆಯ ಇಸಾಂಪುರದ ಕಲ್ಲಿನ ಉಪಕರಣಗಳು ಸುಮಾರು 12 ಲಕ್ಷ ವರ್ಷ ಹಳೆಯವು ಎಂದು ಅಂದಾಜಿಸಲಾಗಿದೆ. ಅಷ್ಟನ್ನೂ ಒಂದು ಮೀಟರ್ ಗೆರೆಯಲ್ಲಿ ಅಳತೆಗೆ ಸರಿಯಾಗಿ ತೋರಿಸಲು ಹೊರಟರೆ, ಕಬ್ಬಿಣದ 3,000 ವರ್ಷಕ್ಕೆ ಸಿಗುವುದು ಎರಡೂವರೆ ಮಿಲಿಮೀಟರ್! ಹಾಗಾಗಿ ಗೆರೆಯನ್ನು ನಡುವೆ ಅಂಕುಡೊಂಕಾಗಿ ಮುರಿದು, ‘ಇಲ್ಲಿಂದ ಅಳತೆ ಬೇರೆ’ ಎಂದು ಕೆಳಗೆ ಬರೆಯಿರಿ. ಇಲ್ಲದಿದ್ದರೆ ಎಲ್ಲ ಯುಗಗಳೂ ಒಂದೇ ಉದ್ದದವು ಎಂದು ಮಕ್ಕಳು ತಿಳಿಯುತ್ತಾರೆ.

2. ಪ್ರತಿ ಚಿತ್ರಕ್ಕೂ ಮೂರು ಪ್ರಶ್ನೆ. ಯಾವುದರಿಂದ ಮಾಡಿದ್ದು? ಹೇಗೆ ಮಾಡಿದರು? ಯಾವ ಕೆಲಸಕ್ಕೆ? ಊರಿನ ಹೆಸರು ಮೇಲೆ, ಉತ್ತರ ಕೆಳಗೆ. ಇಸಾಂಪುರಕ್ಕೆ ಹೀಗೆ ಬರೆಯಬಹುದು:

*‘ಕೈಕೊಡಲಿ, ಇಸಾಂಪುರ. ಅಲ್ಲೇ ಬಿದ್ದಿದ್ದ ಸುಣ್ಣಕಲ್ಲಿನ ಹಲಗೆಯನ್ನು ಇನ್ನೊಂದು ಗಟ್ಟಿ ಕಲ್ಲಿನಿಂದ ಬಡಿದು, ಚಕ್ಕೆ ಎಬ್ಬಿಸಿ ಅಂಚು ಹರಿತ ಮಾಡಿದ್ದಾರೆ. ಇದಕ್ಕೆ ಹಿಡಿ ಇಲ್ಲ, ಕೈಯಲ್ಲೇ ಹಿಡಿದು ಕಡಿಯಲು, ಸೀಳಲು ಬಳಸುತ್ತಿದ್ದರು.’*

‘ಹಿಡಿ ಇಲ್ಲ’ ಎನ್ನುವ ಮಾತು ಮುಖ್ಯ. ಕೊಡಲಿ ಎಂದ ಕೂಡಲೇ ಮಕ್ಕಳು ಕಾವು ಸೇರಿಸಿಯೇ ಬಿಡಿಸುತ್ತಾರೆ.

ಮಧ್ಯಶಿಲಾಯುಗಕ್ಕೆ ಒಂದೇ ವಾಕ್ಯ ಸಾಕು: ಉಗುರಿನಷ್ಟು ಚಿಕ್ಕ ಕಲ್ಲಿನ ಅಲಗುಗಳನ್ನು ಮರ ಅಥವಾ ಮೂಳೆಗೆ ಕೂರಿಸಿ ಬಾಣ, ಚೂರಿ ಮಾಡಿಕೊಳ್ಳುತ್ತಿದ್ದರು.

3. ಹೆಚ್ಚು ಜಾಗ ಸಂಗನಕಲ್ಲಿಗೆ ಕೊಡಿ. ಬಳ್ಳಾರಿ ಹತ್ತಿರದ ಈ ಗುಡ್ಡಗಳಲ್ಲಿ ಕಲ್ಲು ತೆಗೆಯುವುದರಿಂದ ಹಿಡಿದು ಕೊಡಲಿಗೆ ಹೊಳಪು ಕೊಡುವವರೆಗಿನ ಎಲ್ಲ ಕೆಲಸದ ಗುರುತೂ ಉಳಿದಿದೆ. ‘ನವಶಿಲಾಯುಗ: ನಯವಾದ ಕೊಡಲಿ’ ಎಂದಷ್ಟೇ ಬರೆದರೆ ಅದೆಲ್ಲ ಕಳೆದುಹೋಗುತ್ತದೆ. ಒಂದೇ ಕೊಡಲಿಯನ್ನು ನಾಲ್ಕು ಹಂತದಲ್ಲಿ ಬಿಡಿಸಿ, ಒಂದೊಂದರ ಕೆಳಗೂ ಬರೆಯಿರಿ:

*‘ಹಿರೇಗುಡ್ಡದ ಕರಿಕಲ್ಲಿನ (ಡೊಲೆರೈಟ್) ಸಾಲಿನಿಂದ ಒಡೆದು ತಂದ ತುಂಡು.’*
*‘ದೊಡ್ಡ ಚಕ್ಕೆ ಎಬ್ಬಿಸಿ ಕೊಡಲಿಯ ಆಕಾರ ತಂದದ್ದು.’*
*‘ಉಬ್ಬುತಗ್ಗನ್ನು ಸಣ್ಣಗೆ ಕುಟ್ಟಿ ಸಮ ಮಾಡಿದ್ದು.’*
*‘ಬಂಡೆಯ ಮೇಲೆ ಉಜ್ಜಿ ನಯ ಮಾಡಿದ್ದು. ಉಜ್ಜಿ ಉಜ್ಜಿ ಬಂಡೆಯಲ್ಲಿ ಮೂಡಿದ ತೋಡು ಇವತ್ತೂ ಇದೆ.’*

ಈ ಕೊಡಲಿಗೆ ಮರದ ಕಾವು ಇತ್ತು, ಆದರೆ ಮರ ಉಳಿದು ಬಂದಿಲ್ಲ. ಹಾಗಾಗಿ ಕಾವನ್ನು ಚುಕ್ಕಿಗೆರೆಯಲ್ಲಿ ಹಾಕಿ, ‘ಚುಕ್ಕಿಗೆರೆ ನಮ್ಮ ಊಹೆ’ ಎಂದು ಮೂಲೆಯಲ್ಲಿ ಬರೆದುಬಿಡಿ. ಬಳ್ಳಾರಿ ಕಡೆಯವರು ಊರಿನಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದು ತೋರಿಸಿಯೇ ಚಿತ್ರ ಬಿಡಿಸುವುದು ಒಳ್ಳೆಯದು.

4. ಲೋಹಕ್ಕೆ ಬಂದಾಗ ಬೆಂಕಿಯ ಲೆಕ್ಕ ಬರೆಯಿರಿ. ಕಲ್ಲಿನಿಂದ ಲೋಹಕ್ಕೆ ಬಂದಾಗ ಕೆಲಸ ಬಡಿಯುವುದರಿಂದ ಕಾಯಿಸುವುದಕ್ಕೆ ತಿರುಗಿತು. ತಾಮ್ರ 1,085 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಅಚ್ಚಿಗೆ ಹೊಯ್ಯಬಹುದು. ಕಬ್ಬಿಣಕ್ಕೆ 1,538 ಡಿಗ್ರಿ ಬೇಕು, ಅಂದಿನ ಕುಲುಮೆಗೆ ಅಷ್ಟು ಕಾವು ಸಾಧ್ಯವಿರಲಿಲ್ಲ. ‘ಕಬ್ಬಿಣ ಕರಗಿಸಿ ಕತ್ತಿ ಎರೆದರು’ ಎಂಬ ವಾಕ್ಯ ಬಹಳ ಪಟಗಳಲ್ಲಿ ಕಾಣುತ್ತದೆ, ಅದನ್ನು ತೆಗೆಯಿರಿ. ಬದಲಿಗೆ:

*‘ಅದಿರನ್ನೂ ಇದ್ದಿಲನ್ನೂ ಕುಲುಮೆಗೆ ಹಾಕಿ ಗಾಳಿ ಊದಿದಾಗ, ಕಬ್ಬಿಣ ನೀರಾಗದೆ ತೂತುತೂತಾದ ಮುದ್ದೆಯಾಗಿ ಸಿಗುತ್ತಿತ್ತು. ಕೆಂಪಗೆ ಕಾಯಿಸಿ ಬಡಿದು ಕಿಟ್ಟ ಹೊರಹಾಕಿ, ಬೇಕಾದ ಆಕಾರ ಕೊಡುತ್ತಿದ್ದರು.’*

5. ಬಾಣ ಬೇಡ, ಪಟ್ಟಿಗಳನ್ನು ಒಂದರ ಮೇಲೊಂದು ಬರುವಂತೆ ಎಳೆಯಿರಿ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ನವಶಿಲಾಯುಗ ಮುಗಿದು, ದೊಡ್ಡ ಕಲ್ಲುಗಳ ಸಮಾಧಿ ಕಟ್ಟುತ್ತಿದ್ದ ಬೃಹತ್ ಶಿಲಾಯುಗ ಶುರುವಾಗುವ ಪದರದಲ್ಲೇ ಕಬ್ಬಿಣ ಸಿಕ್ಕಿತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗಲೂ ಈ ಎರಡು ಕಾಲಗಳು ಒಂದರೊಳಗೊಂದು ಸೇರಿಕೊಂಡಿದ್ದವು. ಅಂದರೆ ಕಬ್ಬಿಣ ಬಂದ ಮರುದಿನವೇ ಯಾರೂ ಕಲ್ಲಿನ ಕೊಡಲಿ ಎಸೆದಿರಲಿಲ್ಲ. ಕಲ್ಲಿನ ಪಟ್ಟಿಗೆ ಹಸಿರು, ತಾಮ್ರಕ್ಕೆ ತೆಳ್ಳಗಿನ ಕೇಸರಿ, ಕಬ್ಬಿಣಕ್ಕೆ ಕಪ್ಪು ಹಚ್ಚಿ, ತುದಿಗಳು ಒಂದರ ಮೇಲೊಂದು ಹಾಯಲಿ.

6. ಅಕ್ಷರ. ಊರಿನ ಹೆಸರು ಒಂದು ಅಂಗುಲ ಎತ್ತರ, ವಿವರಣೆ ಅದರರ್ಧ. ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮೊದಲು ಪೆನ್ಸಿಲ್‌ನಲ್ಲಿ ಬರೆದು, ಪಟ ಮಾಡುವ ಗುಂಪಿನಲ್ಲಿಲ್ಲದ ಮಗುವಿನಿಂದ ಓದಿಸಿ. ಅದು ಎಲ್ಲಿ ‘ಅಂದರೆ ಏನು?’ ಎನ್ನುತ್ತದೋ ಅಲ್ಲಿ ತಿದ್ದಿ, ಆಮೇಲೆ ಸ್ಕೆಚ್ ಪೆನ್ ಹಿಡಿಯಿರಿ.